ನಾಲ್ಕನೇ ಹಾಳೆ

ಮಾವ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮನೆಗೆ ಬೇಕಾದ ಉಳಿದ ಮಾತನ್ನೆಲ್ಲ ನಾನೇ ಆಡುತ್ತೇನೆ. ಗಂಡ ನನ್ನನ್ನು ಮಾತಿನ ಮಲ್ಲಿ ಎಂದು ರೇಗಿಸುತ್ತಾನೆ, ನನಗೇನೂ ಬೇಜಾರಿಲ್ಲ. ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಡುವುದೇ ನನ್ನ ಕಸುಬು. ವೇದಿಕೆ ಮೇಲೆ ಒಂದು ಕ್ಷಣವೂ ಸದ್ದಿಲ್ಲದೆ ಖಾಲಿ ಬಿಡಬಾರದು, ಬಿಟ್ಟರೆ ಜನ ಎದ್ದು ಹೋಗುತ್ತಾರೆ ಎಂಬುದು ನಾನು ಕಲಿತ ಮೊದಲ ಪಾಠ, ಮತ್ತು ಅದನ್ನು ಮನೆಯಲ್ಲೂ ಪಾಲಿಸಿಕೊಂಡು ಬಂದಿದ್ದೇನೆ.

ಆದರೆ ಹನ್ನೊಂದು ವರ್ಷಗಳಿಂದ ನನ್ನ ಪಾಲಿಗೆ ಬಂದದ್ದು ಹುಟ್ಟುಹಬ್ಬಗಳು, ಶಾಲೆಯ ವಾರ್ಷಿಕೋತ್ಸವಗಳು ಅಷ್ಟೇ. ಕೇಕ್ ಮೇಲಿನ ಮೇಣದಬತ್ತಿ ಆರುವ ತನಕ ಚಪ್ಪಾಳೆ ಹೊಡೆಸಿ ಹೊಡೆಸಿ ಸಾಕಾಗಿತ್ತು. ಹಾಗಿರುವಾಗ ಸೀಲಿಂಗ್ ಫ್ಯಾನ್ ತಯಾರಿಸುವ ಒಬ್ಬ ಯಜಮಾನರು ನನ್ನನ್ನು ಕರೆಸಿದರು. ಅಲ್ಲಿಯವರೆಗೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದವರು ಈಗ ತಮ್ಮದೇ ಹೆಸರಿನಲ್ಲಿ, ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಫ್ಯಾನ್ ಹೊರತರುತ್ತಿದ್ದರು. ಮೂವತ್ತು ಜನ ಡೀಲರುಗಳ ಮುಂದೆ ಅದನ್ನು ಪರಿಚಯಿಸಬೇಕು. ಊಟದ ಹೊತ್ತಿಗೆ ಹದಿನೈದು ಜನ ಬುಕಿಂಗ್ ಮಾಡಿದರೆ ಇನ್ನೂ ಆರು ಊರುಗಳಲ್ಲಿ ಇದೇ ಕಾರ್ಯಕ್ರಮ, ಆರನ್ನೂ ನನಗೇ ಕೊಡುವುದಾಗಿ ಹೇಳಿದರು. ನನಗೆ ಆ ಆರು ಊರು ಬೇಕೇ ಬೇಕಿತ್ತು.

ಸ್ಕ್ರಿಪ್ಟ್ ಬರೆಯಲು ಕೂತೆ. ಎಡಗಡೆ ಪಟ್ಟಿಯಲ್ಲಿ ಯಾವಾಗ ದೀಪ, ಯಾವಾಗ ಸಂಗೀತ, ಯಾವಾಗ ಪರದೆ ಸರಿಸುವುದು. ಬಲಗಡೆ ದಪ್ಪಕ್ಷರದಲ್ಲಿ ನನ್ನ ಮಾತು. ಒಟ್ಟು ಐದು ಹಾಳೆ. ಒಂದನೆಯದು ಸ್ವಾಗತ, ಎರಡನೆಯದು ಯಜಮಾನರ ಪರಿಚಯ, ಮೂರನೆಯದು ಪರದೆ ಸರಿದು ಫ್ಯಾನ್ ಕಾಣುವುದು, ನಾಲ್ಕನೆಯದು ಅದರ ಗುಣಗಾನ, ಐದನೆಯದು ಡೀಲರುಗಳಿಗೆ ಸಿಗುವ ಸ್ಕೀಮು ಮತ್ತು ವಂದನಾರ್ಪಣೆ. ನಾಲ್ಕನೇ ಹಾಳೆಯಲ್ಲಿ ನನ್ನ ಕೈಚಳಕವನ್ನೆಲ್ಲ ತೋರಿಸಿದ್ದೆ. ಹೂವರಳಿದಷ್ಟು ಮೆಲ್ಲಗೆ ಬೀಸುವ ಗಾಳಿ, ಹಾಯಾಗಿ ಮಲಗಿದ ಮಗು, ಹಾಸಿಗೆ ಬಿಟ್ಟೇಳದೆ ರಿಮೋಟ್ ಒತ್ತುವ ಸುಖ. ಓದಿ ನನಗೇ ನಿದ್ದೆ ಬರುವ ಹಾಗಾಯಿತು.

ಗಟ್ಟಿಯಾಗಿ ಓದಿ ನೋಡಲು ಒಬ್ಬ ಕೇಳುಗ ಬೇಕಲ್ಲ. ಮಾವ ಸಿಕ್ಕರು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ನಲವತ್ತು ವರ್ಷದಿಂದ ಸುಟ್ಟ ಫ್ಯಾನುಗಳಿಗೆ ತಾಮ್ರದ ತಂತಿ ಸುತ್ತುತ್ತ ಬಂದವರು. ಊರಿನ ಅಂಗಡಿಗಳವರು ಗಿರಾಕಿ ವಾಪಸು ತಂದ ಫ್ಯಾನುಗಳನ್ನು ತಂದು ಸುರಿಯುವುದು ಇವರ ಬಾಗಿಲಿಗೇ. ಮಾವ ಕೈಕೆಲಸ ಬಿಡದೆ ಐದೂ ಹಾಳೆ ಕೇಳಿಸಿಕೊಂಡರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಇದನ್ನ ಕೇಳೋರು ಯಾರು? ಮಲಗೋರಾ, ಮಾರೋರಾ?"

"ಮಾರೋರು ಮಾವ. ಡೀಲರುಗಳು."

"ಮಾರೋನಿಗೆ ಗಾಳಿ ಯಾಕಮ್ಮ? ಕೆಟ್ಟರೆ ಅದನ್ನ ಹೊತ್ಕೊಂಡು ಗಿರಾಕಿ ಬರೋದು ಅವನ ಅಂಗಡಿಗೆ. ಎಲ್ಲರ ಮುಂದೆ ಬೈಸ್ಕೊಳ್ಳೋನು ಅವನು. ಅದಕ್ಕೇನು ಹೇಳ್ತೀಯ?"

ಒಂದು ವಾರದ ಮಾತನ್ನು ಒಂದೇ ಸಲಕ್ಕೆ ಖರ್ಚು ಮಾಡಿಬಿಟ್ಟರು. ನನಗೆ ಮುಖಕ್ಕೆ ನೀರೆರಚಿದ ಹಾಗಾಯಿತು. ಫ್ಯಾನ್ ಕೊಳ್ಳುವವರಿಗೆ ಬರೆಯಬೇಕಾದ್ದನ್ನು ಮಾರುವವರಿಗೆ ಬರೆದಿದ್ದೆ!

ಅಂದೇ ನಾಲ್ಕನೇ ಹಾಳೆ ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ. ಮಾವ ಹೇಳಿಕೊಟ್ಟರು. ಈ ಬಗೆಯ ಫ್ಯಾನಿನಲ್ಲಿ ಸುಟ್ಟುಹೋಗುವುದು ಬಹುಮಟ್ಟಿಗೆ ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು. ಸುರುಳಿ ಬಿಚ್ಚಿ ಸುತ್ತುವ ರಗಳೆಯಿಲ್ಲ, ಬೋರ್ಡು ತೆಗೆದು ಬೇರೆಯದು ಹಾಕಿದರೆ ಮುಗಿಯಿತು. ಇನ್ನು ಕೆಟ್ಟಿದೆ ಎಂದು ವಾಪಸು ಬರುವವುಗಳಲ್ಲಿ ಎಷ್ಟೋ ಫ್ಯಾನುಗಳು ಕೆಟ್ಟೇ ಇರುವುದಿಲ್ಲ, ರಿಮೋಟಿನ ಈ ಫ್ಯಾನಿಗೆ ಹೊಂದದ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸದೆ ಹಾಗೇ ಜೋಡಿಸಿರುತ್ತಾರೆ. ಬೋರ್ಡು ಬದಲಿಸುವುದನ್ನು ವೇದಿಕೆ ಮೇಲೆ ಮಾಡಿಯೇ ತೋರಿಸುವುದು, ನಾಲ್ಕು ನಿಮಿಷ, ಎಂದು ಎಡಗಡೆ ಪಟ್ಟಿಯಲ್ಲಿ ಬರೆದೆ. ಮಾವ ಹಾಳೆ ಇಸಿದುಕೊಂಡು ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ತಮ್ಮದೊಂದು ಸಾಲು ಸೇರಿಸಿದರು: "ಇಲ್ಲಿ ನೀನು ಮಾತಾಡಬೇಡ."

ಯಜಮಾನರು ಆ ಹಾಳೆ ನೋಡಿ ಮೂಗು ಮುರಿದರು. ಹೊಸ ಫ್ಯಾನು ಕಣ್ಣು ಬಿಡುವ ದಿನವೇ ಕೆಡುವ ಮಾತೇಕೆ, ಎಲ್ಲರ ಮುಂದೆ ಅದರ ಹೊಟ್ಟೆ ಬಗೆಯುವುದೇಕೆ ಎಂಬುದು ಅವರ ವಾದ. ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೀಟು ಎಳೆದು, ಮೊದಲಿನದನ್ನೂ ಓದಿಸಿ, ಆ ಗಾಳಿ ಮತ್ತು ಮಗುವೇ ಇರಲಿ ಎಂದರು. ಕೆಲಸ ಕೊಟ್ಟವರು ಅವರು, ನಾನು ಬಾಯಿ ಮುಚ್ಚಿಕೊಂಡು ಬಂದೆ. ಆದರೂ ಒಂದು ಉಪಕಾರ ಮಾಡಿದರು: ಫ್ಯಾನುಗಳನ್ನು ತೂಗುಹಾಕುವ ಕೆಲಸವನ್ನು ಮಾವನಿಗೇ ಒಪ್ಪಿಸಿದರು. ಗೀಟೆಳೆದ ಹಾಳೆಯನ್ನು ಎಸೆಯಲು ಮನಸ್ಸು ಬಾರದೆ ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಹೋಟೆಲಿನ ಮೊದಲ ಮಹಡಿಯ ಸಣ್ಣ ಹಾಲ್, ಬೆಳಿಗ್ಗೆ ಹನ್ನೊಂದು ಗಂಟೆ. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಪ್ರತಿ ಕುರ್ಚಿಯ ಮೇಲೂ ಒಂದು ಫೈಲು, ಒಂದು ಪೆನ್ನು, ಒಂದು ಬುಕಿಂಗ್ ಫಾರ್ಮು. ವೇದಿಕೆಯ ಮೇಲಿನ ಕಬ್ಬಿಣದ ಚೌಕಟ್ಟಿಗೆ ಮಾವ ಎರಡು ಫ್ಯಾನುಗಳನ್ನು ಕೈಗೆ ಎಟುಕುವ ಎತ್ತರದಲ್ಲಿ ತೂಗುಹಾಕಿ, ಯಾರೂ ಹತ್ತಿರ ಹೋಗದಂತೆ ಸುತ್ತ ಹಗ್ಗ ಕಟ್ಟಿದ್ದರು. ಒಂದು ಹಳೇ ಬಗೆಯದು, ಒಂದು ಹೊಸದು, ಎರಡಕ್ಕೂ ಕರೆಂಟ್ ಎಷ್ಟು ತಿನ್ನುತ್ತದೆ ಎಂದು ತೋರಿಸುವ ಮೀಟರು. ಕೆಲಸ ಮುಗಿಸಿ ಅವರು ಕೊನೇ ಸಾಲಿನಲ್ಲಿ, ತಮ್ಮ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಸ್ವಾಗತ ಚೆನ್ನಾಗಿಯೇ ಆಯಿತು. ಪರದೆ ಸರಿದಾಗ ಚಪ್ಪಾಳೆಯೂ ಬಿತ್ತು. ಹಳೆಯದರ ಮೀಟರು ಎಪ್ಪತ್ನಾಲ್ಕು ವ್ಯಾಟ್, ಹೊಸದರದು ಇಪ್ಪತ್ತೊಂಬತ್ತು ತೋರಿಸಿದಾಗ ನಾಲ್ಕಾರು ತಲೆಗಳು ಅಲ್ಲಾಡಿದವು. ಆಮೇಲೆ ನಾನು ಗಾಳಿ ಮತ್ತು ಮಗುವಿಗೆ ಬಂದೆ. ಒಬ್ಬರು ಫೋನ್ ತೆಗೆದರು. ಇನ್ನೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಕುರ್ಚಿಗಳ ಕೆಳಗೆ ಬುಕಿಂಗ್ ಫಾರ್ಮುಗಳು ಒಂದೊಂದಾಗಿ ಜಾರಿ ಬೀಳುತ್ತಿದ್ದವು, ಎತ್ತಿಕೊಳ್ಳುವವರಿರಲಿಲ್ಲ. ಆರು ಊರುಗಳೂ ಕಣ್ಣೆದುರೇ ಒಂದೊಂದಾಗಿ ಕೈಜಾರುತ್ತಿದ್ದವು, ನಾನು ಇನ್ನೂ ಮಗುವನ್ನು ಮಲಗಿಸುತ್ತಲೇ ಇದ್ದೆ.

ಮೊದಲ ಸಾಲಿನಲ್ಲಿ ಕನ್ನಡಕವನ್ನು ತಲೆ ಮೇಲೇರಿಸಿಕೊಂಡ ಹಿರಿಯ ಡೀಲರ್ ಒಬ್ಬರಿದ್ದರು. ಉಳಿದವರೆಲ್ಲ ಅವರ ಮುಖ ನೋಡಿಯೇ ತೀರ್ಮಾನ ಮಾಡುವವರೆಂದು ಯಜಮಾನರು ಮೊದಲೇ ಹೇಳಿದ್ದರು. ಆ ಹಿರಿಯರು ಕೈ ಎತ್ತಿದರು.

"ಗಾಳಿ ಬರುತ್ತೆ ಸರಿ ಮೇಡಂ. ಇದೇ ಥರದ್ದು ಇನ್ನೊಂದು ಕಂಪನಿದು ಹೋದ ವರ್ಷ ಮಾರಿದ್ದೆ. ಒಂಬತ್ತು ವಾಪಸ್ ಬಂತು, ಬೋರ್ಡ್ ಬರೋಕೆ ಎರಡು ತಿಂಗಳಾಯ್ತು. ನಮ್ಮ ಮನೆ ಪಕ್ಕದೋರು ಈಗಲೂ ನನ್ನ ಹತ್ರ ಮಾತಾಡಲ್ಲ. ಇದು ಕೆಟ್ಟರೆ ಏನ್ಮಾಡ್ತೀರ?"

ಹಾಲ್ ಎಚ್ಚೆತ್ತಿತು. ನಾನು ಯಜಮಾನರ ಕಡೆ ನೋಡಿದೆ. ಅವರು ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದರು. ಇಂಥ ಹೊತ್ತಿನಲ್ಲಿ ನಗುನಗುತ್ತ ಮಾತು ಹಾರಿಸಿ ಮುಂದಕ್ಕೆ ಹೋಗುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಮನುಷ್ಯರ ಮುಖ ನೋಡಿ ನಾಚಿಕೆಯಾಯಿತು. ಅವರು ಕೇಳಿದ್ದು ಮಾವ ಕೇಳಿದ್ದನ್ನೇ. ಉತ್ತರ ನನ್ನ ಪರ್ಸಿನಲ್ಲಿತ್ತು. ಆದದ್ದಾಗಲಿ ಎಂದು ಮಡಚಿದ ಹಾಳೆ ತೆಗೆದೆ, ಕೆಂಪು ಗೀಟಿನ ಮೇಲೆಯೇ ಓದಿದೆ.

"ಸರ್, ಯಂತ್ರ ಅಂದ್ಮೇಲೆ ಕೆಡುತ್ತೆ. ಕೆಟ್ಟರೆ ಏನು ಅನ್ನೋದನ್ನ ಹೇಳಲ್ಲ, ತೋರಿಸ್ತೀವಿ. ನಲವತ್ತು ವರ್ಷದಿಂದ ಫ್ಯಾನ್ ರಿಪೇರಿ ಮಾಡ್ತಿರೋ ನಮ್ಮ ಮಾವ ಇಲ್ಲೇ ಇದ್ದಾರೆ. ಬನ್ನಿ ಮಾವ."

ಮಾವ ಚೀಲ ಹಿಡಿದು ಎದ್ದರು. ಬರುವ ದಾರಿಯಲ್ಲಿ ಇಬ್ಬರು ಮೂವರು ಡೀಲರುಗಳು ಗುರುತು ಹಿಡಿದು ನಮಸ್ಕಾರ ಎಂದರು. ಮಾವ ಮೊದಲು ಹೊಸ ಫ್ಯಾನಿನ ಪ್ಲಗ್ ಕಿತ್ತು, ಅದನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು. ರೆಕ್ಕೆಗಳು ಪೂರ್ತಿ ನಿಂತ ಮೇಲೂ ಕೈಕಟ್ಟಿ ಸ್ವಲ್ಪ ಹೊತ್ತು ಕಾದರು, ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯಲೆಂದು. ಆ ಕಾಯುವಿಕೆಯಲ್ಲಿ ನನ್ನ ನಾಲಿಗೆ ತುದಿಗೆ ಇಪ್ಪತ್ತು ಮಾತು ಬಂದವು. ಹಾಳೆಯ ಪೆನ್ಸಿಲ್ ಸಾಲು ನೋಡಿ ಇಪ್ಪತ್ತನ್ನೂ ನುಂಗಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೈಕಿನ ಸ್ವಿಚ್ ಆರಿಸಿದೆ.

ಅವರು ಕೆಳಗಿನ ಮುಚ್ಚಳ ತಿರುಗಿಸಿ ತೆಗೆದರು. ಎರಡು ಸ್ಕ್ರೂ ಬಿಚ್ಚಿದರು. ತಂತಿಗಳ ಕೊಂಡಿಗಳನ್ನು ಕಳಚಿ ಹಳೇ ಬೋರ್ಡನ್ನು ಮೇಜಿನ ಮೇಲಿಟ್ಟು, ಫ್ಯಾನುಗಳ ಜೊತೆ ಬಂದಿದ್ದ ಬಿಡಿ ಬೋರ್ಡನ್ನು ಚೀಲದಿಂದ ತೆಗೆದು ಕೂರಿಸತೊಡಗಿದರು. ಸಂಗೀತವಿಲ್ಲ, ಮಾತಿಲ್ಲ, ಸ್ಕ್ರೂಡ್ರೈವರಿನ ಕಿರಿಕಿರಿ ಸದ್ದೊಂದೇ. ಯಾರೂ ಎದ್ದು ಹೋಗಲಿಲ್ಲ. ಹಿಂದಿನ ಸಾಲಿನವರು ಎದ್ದು ಬಂದದ್ದು ಮುಂದಕ್ಕೆ, ಹಗ್ಗದ ತನಕ. ಕನ್ನಡಕ ತಲೆಯಿಂದ ಮೂಗಿಗೆ ಇಳಿಯಿತು. ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ, ಮಾವ ರಿಮೋಟ್ ಒತ್ತಿದರು. ಫ್ಯಾನ್ ತಿರುಗಿತು. ಯಾರೋ ಫೋನಿನಲ್ಲಿ ಸಮಯ ಅಳೆದಿದ್ದರು: ಮೂರು ನಿಮಿಷ ಐವತ್ತು ಸೆಕೆಂಡ್.

"ಕೆಲಸ ಸುಲಭ. ಬೋರ್ಡ್ ಕೈಗೆ ಸಿಗಬೇಕು, ಅಷ್ಟೇ," ಎಂದರು ಮಾವ. ಹೇಳಿದ್ದು ಡೀಲರುಗಳಿಗೆ, ನೋಡಿದ್ದು ಯಜಮಾನರನ್ನು.

ಮೂವತ್ತು ಜೋಡಿ ಕಣ್ಣುಗಳು ಅವರತ್ತಲೇ ತಿರುಗಿದವು. ಯಜಮಾನರು ಒಂದು ಗಳಿಗೆ ಕೆಂಪಗಾದರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಹತ್ತು ಫ್ಯಾನು ಕೊಂಡವರಿಗೆ ಅದೇ ಡಬ್ಬದಲ್ಲಿ ಎರಡು ಬೋರ್ಡು ಪುಕ್ಕಟೆ, ಗಿರಾಕಿ ಬಂದರೆ ಅಲ್ಲೇ ಬದಲಿಸಿಕೊಡಿ, ನಮ್ಮನ್ನು ಕಾಯಬೇಡಿ ಎಂದರು. ಅದು ನನ್ನ ಸ್ಕ್ರಿಪ್ಟಿನಲ್ಲೂ ಇರಲಿಲ್ಲ, ಅವರದರಲ್ಲೂ ಇರಲಿಲ್ಲ. ಜನ ಬಗ್ಗಿ ಬಗ್ಗಿ ಕುರ್ಚಿಗಳ ಕೆಳಗಿಂದ ಫಾರ್ಮು ಹುಡುಕತೊಡಗಿದರು. ಆ ನೋಟ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ವಂದನಾರ್ಪಣೆಯಲ್ಲಿ ಧ್ವನಿವರ್ಧಕದವರನ್ನೇ ಮರೆತೆ. ಊಟದ ಹೊತ್ತಿಗೆ ಇಪ್ಪತ್ತೆರಡು ಫಾರ್ಮು ಬಂದಿದ್ದವು. ಮೊದಲನೆಯದು ಕನ್ನಡಕದವರದು.

ಊಟದ ಸಾಲಿನಲ್ಲಿ ಯಜಮಾನರು ನಮ್ಮ ಬಳಿ ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಆ ಕೆಂಪು ಗೀಟಿನ ಹಾಳೆ ಕೇಳಿ ಇಸಿದುಕೊಂಡು, ಇದನ್ನು ಚೆನ್ನಾಗಿ ಟೈಪ್ ಮಾಡಿಸುತ್ತೇನೆ ಎಂದರು. ಆರು ಊರೂ ನಿಮಗೇ, ಆದರೆ ಮಾವನವರೂ ಬರಬೇಕು, ಅವರು ಬರದಿದ್ದರೆ ಈ ಹಾಳೆಗೆ ಅರ್ಥವಿಲ್ಲ ಎಂದರು. ಮಾವ ಅಂಗಡಿ ಬಿಟ್ಟು ಹೊರಗೆ ಒಂದು ರಾತ್ರಿ ಕಳೆದವರಲ್ಲ. ಯಜಮಾನರು ಉತ್ತರಕ್ಕೆ ಕಾದರು. ಮಾವ ಅನ್ನ ಕಲಸುತ್ತಲೇ ಇದ್ದರು. ಯಾರೋ ಕರೆದದ್ದರಿಂದ ಯಜಮಾನರು ಆ ಕಡೆ ಹೋದರು.

ನಾನು ಒತ್ತಾಯ ಮಾಡಬಾರದೆಂದುಕೊಂಡೆ. ಬಾಯಿಗೆ ಬೀಗ ಹಾಕಿಕೊಂಡು, ತಟ್ಟೆ ಹಿಡಿದು ಅವರ ಪಕ್ಕದಲ್ಲಿ ಕೂತೆ. ಅರ್ಧ ಊಟವಾದ ಮೇಲೆ ಅವರೇ ತಲೆಯೆತ್ತಿದರು.

"ಆ ನಾಲ್ಕು ನಿಮಿಷ ಸುಮ್ನಿರೋದು ಕಷ್ಟ ಆಯ್ತಾ?"

"ಪ್ರಾಣಾನೇ ಹೋದಂಗಾಯ್ತು ಮಾವ."

ಮಾವ ನಕ್ಕರು. "ಅಭ್ಯಾಸ ಆಗುತ್ತೆ ಬಿಡು. ಇನ್ನೂ ಆರು ಊರಿದೆಯಲ್ಲ."