ಎರಡನೇ ಖಾತೆಯ ನಂಬರು

ಹೊಳಲ್ಕೆರೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ನಾಗಭೂಷಣನಿಗೆ ತನ್ನ ಬಗ್ಗೆ ಒಂದು ನಂಬಿಕೆಯಿತ್ತು: ಕಾಗದ ಓದುವುದರಲ್ಲಿ ಸುತ್ತಲ ತಾಲ್ಲೂಕುಗಳಲ್ಲಿ ತನ್ನಂಥವನಿಲ್ಲ. ಸರ್ವೆ ನಂಬರಿನ ಪಕ್ಕ ಹಿಸ್ಸಾ ನಂಬರು ಬಿಟ್ಟಿದೆಯೆಂದು ಅವನು ವಾಪಸು ಕಳಿಸಿದ ಅರ್ಜಿಗಳಿಗೆ ಲೆಕ್ಕವಿರಲಿಲ್ಲ.

ಹಾಗಾಗಿ ನಿವೃತ್ತಿಯ ಹಣದಿಂದ ಮನೆ ಸಾಲ ತೀರಿಸಿ, ಚಿತ್ರದುರ್ಗದ ಬ್ಯಾಂಕ್ ಶಾಖೆಯಿಂದ 'ಬಾಕಿ ಇಲ್ಲ' ಎಂಬ ಪತ್ರ ಬಂದಾಗ ಅವನು ಅದರ ಮೊದಲ ಸಾಲು, ಕೊನೆಯ ಸಹಿ, ನಡುವೆ ತನ್ನ ಹೆಸರು, ಇಷ್ಟನ್ನು ಮಾತ್ರ ನೋಡಿದ. ಅದೇ ಸಂಜೆ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ. ಶ್ರೀರಾಂಪುರದಲ್ಲಿದ್ದ ಭಾವಮೈದ ಮುದ್ದಪ್ಪನಿಗೆ ಫೋನ್ ಮಾಡಿ, "ಮನೆ ಇನ್ ನಮ್ದೇ ಕಣಯ್ಯ, ಪೂರ್ತಿ ನಮ್ದೇ" ಎಂದ.

ಮರುವಾರ ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಮನೆಯ ಅಸಲು ಪತ್ರಗಳನ್ನು ತರಲು ಹೆಂಡತಿ ಮಮತಾಳೊಂದಿಗೆ ಬಸ್ ಹತ್ತಿದ. ಮಮತಾ ಅದುವರೆಗೆ ಗೋಡೆಗೆ ಒರಗಿಸಿಟ್ಟಿದ್ದ ಪತ್ರವನ್ನು ದೂರದಿಂದ ನೋಡಿದ್ದಳಷ್ಟೇ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಓದಿದಳು.

"ರೀ, ಇದ್ರಲ್ಲಿ ಒಂದೇ ಖಾತೆ ನಂಬರ್ ಐತೆ. ತಿಂಗ್ಳಾ ತಿಂಗ್ಳಾ ಎರಡು ಸಲ ದುಡ್ಡು ಕಟ್ ಆಗ್ತಿತ್ತಲ್ಲ?"

"ಎರಡನೇದು ಇನ್ಶೂರೆನ್ಸ್ ಕಣೆ. ಕಾಗದದ ವಿಷಯ ನನಗೆ ಬಿಡು."

ಬ್ಯಾಂಕಿನಲ್ಲಿ ಸಾಲದ ಮೇಜಿನ ಅಧಿಕಾರಿ ಮೋನಿಕಾ ಹೊಳೆಯುವ ಪತ್ರವನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಕಂಪ್ಯೂಟರಿನಲ್ಲಿ ಅವನ ಹೆಸರು ಹಾಕಿದಳು.

"ಸರ್, ಇದು ಮೊದಲನೇ ಸಾಲದ್ದು ಮಾತ್ರ. ನಿಮ್ಮ ಹೆಸರಲ್ಲಿ ಇನ್ನೊಂದು ಖಾತೆ ಐತೆ. ಎರಡು ಸಾವಿರದ ಹತ್ತೊಂಬತ್ತರಾಗೆ ಮೇಲಿನ ಕೋಣೆಗೆ ಅಂತ ಇದೇ ಮನೆ ಮೇಲೆ ಹೆಚ್ಚುವರಿ ಸಾಲ ತಗೊಂಡಿದ್ರಿ. ಅದರಲ್ಲಿ ಮೂವತ್ತೆಂಟು ಸಾವಿರದ ಆರುನೂರು ಚಿಲ್ಲರೆ ಉಳಿದೈತೆ. ಎರಡೂ ಮುಗಿಯದೆ ಮನೆ ಪತ್ರ ಬಿಡೋಕಾಗಲ್ಲ."

ನಾಗಭೂಷಣನಿಗೆ ಮೇಲಿನ ಕೋಣೆ ನೆನಪಾಯಿತು. ಪ್ರತಿ ಮಧ್ಯಾಹ್ನ ಅವನು ಮಲಗುತ್ತಿದ್ದದ್ದು ಅಲ್ಲೇ. ತಾನು ಇಷ್ಟು ವರ್ಷ ಸಾಲದ ಮೇಲೆಯೇ ಗೊರಕೆ ಹೊಡೆದೆನಲ್ಲ ಎಂದು ಅವನಿಗೆ ಸಿಟ್ಟಿಗಿಂತ ನಗು ಬಂತು. ಇದೇ ಕಾಗದವನ್ನು ಯಾವನಾದರೂ ರೈತ ತಂದಿದ್ದರೆ, ಕನ್ನಡಕ ಕೆಳಗಿಳಿಸಿ ಏನೆಲ್ಲ ಅನ್ನುತ್ತಿದ್ದೆ!

"ಓದದೆ ಲ್ಯಾಮಿನೇಷನ್ ಮಾಡಿಸಿದೋನು ನಾನೇ ಮೇಡಂ. ಬಯ್ಯಾಕೆ ಬೇರೆ ಯಾರೂ ಇಲ್ಲ" ಎಂದ.

ಮಮತಾ ಉಳಿತಾಯ ಖಾತೆಯ ಚೆಕ್ ಪುಸ್ತಕ ಬ್ಯಾಗಿನಿಂದ ತೆಗೆದಳು. ಅಂದಿನವರೆಗಿನ ಬಡ್ಡಿ ಸೇರಿಸಿ ಹಣ ಕಟ್ಟಿದರು. ಎರಡೂ ಖಾತೆಗಳ ನಂಬರು ಇರುವ ಹೊಸ ಪತ್ರ ಎರಡು ದಿನದಲ್ಲಿ ಬಂತು. ಇವರ ಕಾಗದಗಳು ದಾವಣಗೆರೆಯ ಸಂಗ್ರಹ ಕಚೇರಿಯಲ್ಲಿವೆ, ಸಾಲ ಪೂರ್ತಿ ತೀರಿದ ಮೂವತ್ತು ದಿನದೊಳಗೆ ಬ್ಯಾಂಕು ವಾಪಸು ಕೊಡಲೇಬೇಕು, ತಡವಾದರೆ ದಿನಕ್ಕೆ ಐದು ಸಾವಿರ ಪರಿಹಾರ ಎಂದೂ ಮೋನಿಕಾ ತಿಳಿಸಿದ್ದಳು.

ಹದಿನೆಂಟನೆಯ ದಿನ ಕರೆ ಬಂತು. ಈ ಸಲ ನಾಗಭೂಷಣ ಸಾಲ ಪಡೆದಾಗ ಕೊಟ್ಟಿದ್ದ ಕಾಗದಗಳ ಹಳೇ ಪಟ್ಟಿ ಹಿಡಿದು ಹೋದ. ಮಮತಾಳ ಎದುರು ಒಂದೊಂದೇ ತಾಳೆ ನೋಡಿದ. ಕ್ರಯಪತ್ರ, ಋಣಭಾರ ಪತ್ರ, ಖಾತಾ, ನಕ್ಷೆ ಎಲ್ಲ ಇದ್ದವು. ಅಪ್ಪ ನಿಂಗಪ್ಪನ ಹೆಸರಿನ ಹಳೆಯ ಮೂಲಪತ್ರ ಮಾತ್ರ ಇರಲಿಲ್ಲ.

"ಎಲ್ಲಾ ಸಿಕ್ತು ಅಂತ ಇಲ್ಲಿ ಸಹಿ ಹಾಕಿ ಸರ್" ಎಂದಳು ಮೋನಿಕಾ.

ನಾಗಭೂಷಣ ಪೆನ್ನು ಎತ್ತಲಿಲ್ಲ. "ಒಂದು ಇಲ್ಲ ಮೇಡಂ. ಎರಡನೇ ಸಾಲದ ಕಡತದಾಗೂ ಒಂಚೂರು ನೋಡ್ರಿ. ಆ ಸಾಲ ಕೊಡುವಾಗ ನಿಮ್ಮ ಬ್ಯಾಂಕಿನ ವಕೀಲರು ಅದನ್ನ ಮತ್ತೆ ನೋಡ್ಬೇಕು ಅಂತ ಕೇಳಿದ್ರು."

ಹೌದು, ಅದು ಅಲ್ಲೇ ಸೇರಿಹೋಗಿತ್ತು. ಆ ಕಡತ ದಾವಣಗೆರೆಯಿಂದ ಬರಲು ಇನ್ನೂ ಐದು ದಿನ ಬೇಕಾಯಿತು. ಬಂದ ದಿನ ಹಳೇ ಛಾಪಾ ಕಾಗದದ ಮೇಲಿನ ಅಪ್ಪನ ಹೆಬ್ಬೆಟ್ಟಿನ ಗುರುತನ್ನು ಅವನು ಸ್ವಲ್ಪ ಹೊತ್ತು ನೋಡುತ್ತ ಕುಳಿತ. ಓದು ಬಾರದ ಅಪ್ಪ ಈ ಕಾಗದವನ್ನು ನಲವತ್ತು ವರ್ಷ ಕಾಪಾಡಿದ್ದ. ಓದಿದ ಮಗ ಇದನ್ನು ಅಡವಿಟ್ಟು ಎರಡು ಸಾಲ ತಂದು, ಒಂದನ್ನು ಮರೆತೇಬಿಟ್ಟಿದ್ದ.

ಸಹಿ ಹಾಕಿದ ಮೇಲೆ ಬ್ಯಾಂಕಿನ ಬಿಡುಗಡೆ ಪತ್ರ ಹಿಡಿದು ಹೊಳಲ್ಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ಅಡಮಾನ ತೀರಿದ್ದು ಅಲ್ಲಿ ದಾಖಲಾಗದಿದ್ದರೆ ಋಣಭಾರ ಪತ್ರದಲ್ಲಿ ಸಾಲ ಹಾಗೇ ಕಾಣುತ್ತದೆ. ಅರ್ಜಿ ತೆಗೆದುಕೊಂಡ ಗುಮಾಸ್ತ ಅವನ ಹಳೇ ಪರಿಚಯದವನೇ.

"ಸರ್, ನಿಮ್ಮ ಅರ್ಜಿ ಬಿಡಿ, ನೋಡೋದೇ ಬೇಡ" ಎಂದ ಗುಮಾಸ್ತ ನಗುತ್ತ.

"ನೋಡಪ್ಪ, ಪೂರ್ತಿ ನೋಡು" ಎಂದು ನಾಗಭೂಷಣ ಅರ್ಜಿಯನ್ನು ಮುಂದೆ ತಳ್ಳಿದ. "ನನ್ನ ಮೇಲೆ ನನಗೇ ನಂಬಿಕೆ ಹೋಗೈತೆ."