ಎಡಗೈ ಕಿರುಬೆರಳಿನ ಕೀ

ಹಿಂದವಾಡಿಯ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಲಿನಕ್ಸ್ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಬೆಳಗಿನ ಪಾಳಿ ಅಕೀಬನದು, ಮಧ್ಯಾಹ್ನದ್ದು ನನ್ನದು. ಇಬ್ಬರಿಗೂ ಒಂದೇ ಲಾಗಿನ್. ಮೊದಲ ವಾರ ಕೆಲಸ ಕಲಿಸಲು ಅವನು ಪಕ್ಕದಲ್ಲಿ ಕೂತಿದ್ದ. ಆಮೇಲೆ ನಾನು ಬರುವಷ್ಟರಲ್ಲಿ ಖಾನಾಪುರದ ಬಸ್ಸು ಹತ್ತಿರುತ್ತಿದ್ದ. ಕುರ್ಚಿ ಮಾತ್ರ ಬೆಚ್ಚಗಿರುತ್ತಿತ್ತು. ಪಾರಿಶ್ವಾಡದಿಂದ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ನನಗೆ ಅಷ್ಟೂ ದೊಡ್ಡದೇ. ನಗುವುದಿದ್ದರೆ ನಗಿ.

ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ನನ್ನ ಎಡಗೈ ಕಿರುಬೆರಳು ಸೊಟ್ಟಗಾಗಿದೆ. ಪ್ರೋಗ್ರಾಮ್ ಬರೆಯುವ ವಿಮ್ ಎಂಬ ಎಡಿಟರಿನಲ್ಲಿ ಒಂದು ಸಾಲು ಬರೆದು ಮುಗಿಸಿದೊಡನೆ ಎಸ್ಕೇಪ್ ಒತ್ತಬೇಕು; ಆಗಲೇ ಮುಂದಿನ ಆಜ್ಞೆ ನಡೆಯುವುದು. ಹಾಳಾದ ಆ ಕೀ ಇರುವುದು ಮೂಲೆಯಲ್ಲಿ, ನನ್ನ ಸೊಟ್ಟ ಬೆರಳಿಗೆ ಎಟುಕದಷ್ಟು ದೂರ. ಎರಡನೇ ವಾರ, ಕಿರುಬೆರಳಿನ ಪಕ್ಕದಲ್ಲೇ ಇರುವ ಕ್ಯಾಪ್ಸ್‌ಲಾಕ್ ಒತ್ತಿದರೂ ಎಸ್ಕೇಪ್ ಆಗುವಂತೆ ಅಕೀಬ ಮಾಡಿದ್ದಾನೆಂದು ಮಾಲೀಕರಾದ ಬಾಳಾಸಾಹೇಬರು ತಿಳಿಸಿದರು. ತನಗಾಗಿ ಮಾಡಿಕೊಂಡಿದ್ದಾನೆ, ನನಗೆ ಪುಕ್ಕಟೆ ಲಾಭ ಎಂದುಕೊಂಡೆ.

ಮುಂದೆ ಅವನು ಕೆಲಸ ಬಿಟ್ಟು ಖಾನಾಪುರದಲ್ಲೇ ಕಂಪ್ಯೂಟರ್ ಕ್ಲಾಸು ತೆರೆದ. ಅದರ ಬೆನ್ನಿಗೇ ನಮ್ಮ ಹಾರ್ಡ್‌ಡಿಸ್ಕ್ ಕೆಟ್ಟು, ಲಿನಕ್ಸ್ ಹೊಸದಾಗಿ ಹಾಕಿದರು. ನಾನು ಅಭ್ಯಾಸಬಲದಿಂದ ಕ್ಯಾಪ್ಸ್‌ಲಾಕ್ ಒತ್ತಿ, ಕರ್ಸರ್ ಕೆಳಗಿಳಿಸಲು ಜೆ ಹೊಡೆದೆ. ಪ್ರೋಗ್ರಾಮಿನ ನಡುವೆ ದೊಡ್ಡಕ್ಷರದ ಜೆಗಳು ಸಾಲುಗಟ್ಟಿದವು. ಕೀಬೋರ್ಡಿನ ದೀಪ ಹತ್ತಿ ನನ್ನನ್ನೇ ನೋಡುತ್ತಿತ್ತು. ಅಳು ಬಂತು.

ಭಾನುವಾರ ಖಾನಾಪುರಕ್ಕೆ ಹೋದೆ. ಫೋನಿನಲ್ಲೇ ಕೇಳಬಹುದಿತ್ತು, ಕೇಳಲಿಲ್ಲ. ಅಕೀಬ ಸಂಕೋಚದಿಂದಲೇ ಚಹಾ ತರಿಸಿ, ವಿವರವಾಗಿ ಹೇಳಿಕೊಟ್ಟ: ಕ್ಯಾಪ್ಸ್‌ಲಾಕಿನ ನಂಬರು ಐವತ್ತೆಂಟು, ಅದಕ್ಕೆ ಎಸ್ಕೇಪ್ ಎಂದು ಒಂದು ಫೈಲಿನಲ್ಲಿ ಬರೆದು, ಮಷೀನು ಶುರುವಾದಾಗಲೆಲ್ಲ ಲೋಡ್‌ಕೀಸ್ ಎಂಬ ಕಮಾಂಡು ಅದನ್ನು ಓದುವಂತೆ ಮಾಡಬೇಕು. ಅವನ ಮಷೀನಿನಲ್ಲೂ ಹಾಗೇ ಇರುತ್ತದಲ್ಲ, ಅಲ್ಲೇ ಪರೀಕ್ಷಿಸೋಣವೆಂದು ವಿಮ್ ತೆರೆದು ಒಂದು ಸಾಲು ಬರೆದೆ. ಕ್ಯಾಪ್ಸ್‌ಲಾಕ್ ಒತ್ತಿ, ಸಾಲು ಅಳಿಸಲು ಎರಡು ಸಲ ಡಿ ಹೊಡೆದೆ. ಸಾಲು ಅಳಿಯಲಿಲ್ಲ, ಅದರ ತುದಿಗೆ ಎರಡು ಡಿ ಬಿದ್ದವು, ಅದೂ ಸಣ್ಣಕ್ಷರದಲ್ಲಿ. ದೀಪವೂ ಹತ್ತಲಿಲ್ಲ.

“ಇಲ್ಲಿ ಅದು ಕಂಟ್ರೋಲ್ ಐತ್ರಿ,” ಎಂದ. “ನಾ ವಿಮ್ ಬಿಟ್ಟು ಈಮ್ಯಾಕ್ಸ್ ಅನ್ನೂ ಬ್ಯಾರೆ ಎಡಿಟರಿನ್ಯಾಗ ಕೆಲಸಾ ಮಾಡಾಂವ. ನನಗ ದಿನಾ ಬೇಕಾಗೂದು ಕಂಟ್ರೋಲ್.”

“ಮತ್ತ ಆಫೀಸಿನ್ಯಾಗ ಎಸ್ಕೇಪ್ ಯಾಕ ಮಾಡಿದ್ರಿ?”

ಅವನು ಕೀಬೋರ್ಡನ್ನೇ ನೋಡುತ್ತ ಹೇಳಿದ: “ಮೊದಲ್ನೇ ವಾರ ನಿಮ್ಮ ಬೆರಳು ನೋಡಿದ್ನಿರಿ. ಇಬ್ಬರಿಗೆ ಇದ್ದದ್ದು ಒಂದ ಕೀ.”

ಊರುಬಿಟ್ಟು ಬಂದಮೇಲೆ ಆ ಬೆರಳನ್ನು ಯಾರೂ ಗಮನಿಸಿಲ್ಲವೆಂದೇ ತಿಳಿದಿದ್ದೆ. ಚಹಾ ಆರಿಹೋಗಿತ್ತು, ಕುಡಿದು ಎದ್ದೆ.

ಸೋಮವಾರ ಫೈಲು ಬರೆದೆ. ಕ್ಯಾಪ್ಸ್‌ಲಾಕ್ ಮತ್ತೆ ಎಸ್ಕೇಪ್ ಆಯಿತು, ಬೆರಳಿಗೆ ಹಾಯೆನಿಸಿತು. ಬೆಳಗಿನ ಪಾಳಿಗೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಕುರ್ಚಿ ತಣ್ಣಗಿತ್ತು.