ಎಲ್ಲರ ಮುಂದೆ

ಇಕ್ಕಳದ ತುದಿಯಲ್ಲಿ ಕೆಂಪಗೆ ಹೊಳೆಯುತ್ತಿದ್ದ, ತಗಡಿಗೆ ತೂತು ಹೊಡೆಯುವ ಉಕ್ಕಿನ ಪಂಚನ್ನು ಬೈರಣ್ಣ ನೀರಿನ ತೊಟ್ಟಿಗೆ ಇಳಿಸಿದ. ಬುಸ್ಸೆಂದು ಆವಿ ಎದ್ದಿತು. ಆವಿ ಕರಗುವಷ್ಟರಲ್ಲಿ ತೊಟ್ಟಿಯೊಳಗಿಂದ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು, ಯಾರೋ ಉಗುರಿನಿಂದ ಗಾಜು ತಟ್ಟಿದ ಹಾಗೆ.

ವೈಗೆಲ್ ಅದನ್ನು ಹೊರತೆಗೆದು, ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದ. ತುದಿಯಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ತಟ್ಟೆಯಲ್ಲಿದ್ದ ಉಳಿದವೂ ಹೀಗೇ ಒಡೆದಿದ್ದವು.

ಸ್ಟುಟ್‌ಗಾರ್ಟಿನಿಂದ ಬಂದು ಕನಕಪುರ ರಸ್ತೆಯ ಈ ಸಣ್ಣ ಕಾರ್ಖಾನೆಯ ಮ್ಯಾನೇಜರ್ ಆಗಿ ಅವನಿಗೆ ನಾಲ್ಕು ತಿಂಗಳಾಗಿತ್ತು. ಈ ಸಲ ತರಿಸಿದ್ದು ಹೊಸ ಜಾತಿಯ ಉಕ್ಕು. ಕಾಸಿದ ಮೇಲೆ ಎಣ್ಣೆಗೆ ಅದ್ದಬೇಕು, ನೀರಿಗೆ ಅದ್ದಿದರೆ ಸೀಳುತ್ತದೆ. ಸೋಮವಾರ ಅವನೇ ಇಂಗ್ಲಿಷಿನಲ್ಲಿ ಹೇಳಿದ್ದ. ಅರ್ಥವಾಯಿತೇ ಎಂದು ಕೇಳಿದ್ದ. ಕುಲುಮೆಯ ಸುತ್ತ ನಿಂತವರೆಲ್ಲ "ಎಸ್ ಸಾರ್" ಅಂದಿದ್ದರು. ಎಲ್ಲರಿಗಿಂತ ಮೊದಲು ಅಂದವನು ಮೇಸ್ತ್ರಿ ಬೈರಣ್ಣ.

"ಇದನ್ನು ಎಣ್ಣೆಗೆ ಅದ್ದಬೇಕೆಂದು ಯಾರಿಗೆ ಗೊತ್ತಿತ್ತು?" ಎಂದು ಈಗ ವೈಗೆಲ್ ಇಂಗ್ಲಿಷಿನಲ್ಲೇ ಕೇಳಿದ.

ಹೊಸದಾಗಿ ಸೇರಿದ್ದ ಡಿಪ್ಲೊಮಾ ಹುಡುಗ, ಬಸವನಗುಡಿಯ ಕಿಟ್ಟಿ, ಕೆಂಪಾಗಿಬಿಟ್ಟ.

"ನನಗೆ ಗೊತ್ತಿತ್ತು ಸರ್."

"ಯಾವಾಗಿನಿಂದ?"

"ಮೊದಲ ದಿನದಿಂದ."

"ಮತ್ತೆ ಸುಮ್ಮನೆ ನೋಡುತ್ತ ನಿಂತಿದ್ದೆಯಾ?"

ಕಿಟ್ಟಿ ಒಮ್ಮೆ ಬೈರಣ್ಣನ ಕಡೆ ನೋಡಿ ತಲೆ ತಗ್ಗಿಸಿದ. ಬೈರಣ್ಣನಿಗೆ ಐವತ್ತು ದಾಟಿತ್ತು. ಕುಲುಮೆಯ ಕೆಲಸಗಾರರೆಲ್ಲ ಅವನು ಹೊಸಕೆರೆಹಳ್ಳಿಯಿಂದ ಕರೆತಂದವರು. ಒಬ್ಬ ತಮ್ಮನ ಮಗ, ಒಬ್ಬ ಅಳಿಯ, ಮಿಕ್ಕವರೂ ಹೇಗೋ ನೆಂಟರೇ.

ಆ ರಾತ್ರಿ ವೈಗೆಲ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಒಂಟಿತನ ಕಾಡಿತು. ಇಷ್ಟು ಜನರ ನಡುವೆ ನಿಂತು ದಿನವಿಡೀ ಮಾತಾಡುತ್ತೇನೆ, ಆದರೆ ಯಾರೂ ನನಗೆ ಏನನ್ನೂ ಹೇಳುತ್ತಿಲ್ಲ.

ಬೆಳಿಗ್ಗೆ ಎಲ್ಲರನ್ನೂ ಕುಲುಮೆಯ ಮುಂದೆ ಸೇರಿಸಿದ.

"ಇನ್ನು ಮೇಲೆ ಯಾರಿಗೆ ತಪ್ಪು ಕಂಡರೂ ಇಲ್ಲೇ, ಎಲ್ಲರ ಮುಂದೆ ಹೇಳಬೇಕು. ನನ್ನ ತಪ್ಪಾದರೂ ಸರಿ. ಇಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ."

ಪಕ್ಕದಲ್ಲಿ ನಿಂತಿದ್ದ ಆಫೀಸಿನ ಅನಂತರಾಮು ಅದನ್ನು ಕನ್ನಡಕ್ಕೆ ತಿರುಗಿಸಿದ: "ಎಲ್ರೂ ಒಗ್ಗಟ್ಟಾಗಿ ಕೆಲ್ಸ ಮಾಡ್ಬೇಕು ಅಂತಾರಪ್ಪ ಸಾಹೇಬ್ರು."

ಎರಡೂ ಭಾಷೆ ಬಲ್ಲ ಕಿಟ್ಟಿಗೆ ನಗು ಬಂತು. ಆ ನಗು ವೈಗೆಲ್ ಕಣ್ಣಿಗೆ ಬಿತ್ತು.

"ನೀನೇ ಶುರು ಮಾಡು. ನಿನ್ನೆ ಏನು ತಪ್ಪಾಯಿತು? ಕನ್ನಡದಲ್ಲೇ ಹೇಳು."

"ಸರ್, ಆಮೇಲೆ..."

"ಈಗ."

ಕಿಟ್ಟಿ ಒಂದು ಹೆಜ್ಜೆ ಮುಂದೆ ಬಂದ. "ಬೈರಣ್ಣೋರು ನೀರಿಗೆ ಅದ್ದಿದ್ದು ತಪ್ಪು. ಸೋಮವಾರ ಸಾಹೇಬ್ರು ಹೇಳಿದ್ದು ಅವರಿಗೆ ಅರ್ಥ ಆಗಿರ್ಲಿಲ್ಲ. ಆದ್ರೂ ಎಸ್ ಅಂದ್ರು."

"ಭೇಷ್!" ಎಂದ ವೈಗೆಲ್, ಕಲಿತಿದ್ದ ನಾಲ್ಕು ಕನ್ನಡ ಪದಗಳಲ್ಲಿ ಒಂದನ್ನು ಬಳಸಿ. ಕಿಟ್ಟಿಯ ಬೆನ್ನು ತಟ್ಟಿದ.

ನೆಂಟರೆಲ್ಲ ನೆಲ ನೋಡುತ್ತಿದ್ದರು. ಬೈರಣ್ಣ ಚರ್ಮದ ಏಪ್ರನ್ ಬಿಚ್ಚಿ, ಮಡಿಸಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಬಾಗಿಲಿನ ಕಡೆ ನಡೆದ.

"ಎಲ್ಲಿಗೆ ಹೊರಟ?"

"ಮೈ ಹುಷಾರಿಲ್ಲವಂತೆ ಸರ್," ಎಂದ ಅನಂತರಾಮು. ಬೈರಣ್ಣ ಬಾಯಿಯನ್ನೇ ತೆರೆದಿರಲಿಲ್ಲ.

ಮರುದಿನವೂ ಅವನು ಬರಲಿಲ್ಲ. ಉಳಿದವರು ಬಂದರು, ಹೇಳಿದಷ್ಟು ಮಾಡಿದರು, ಕೇಳಿದ್ದಕ್ಕೆಲ್ಲ ಎಸ್ ಸಾರ್ ಅಂದರು. ಕಾರ್ಖಾನೆಯ ಮಾಲೀಕ ಪರಮಶಿವಯ್ಯ ವೈಗೆಲ್‌ನನ್ನು ಕರೆಸಿ ಕುರ್ಚಿ ತೋರಿಸಿದರು.

"ಇವತ್ತು ಅವನೊಬ್ಬ ಬಂದಿಲ್ಲ. ಸೋಮವಾರ ಅವನ ಕಡೆಯವರು ಯಾರೂ ಬರುವುದಿಲ್ಲ. ಆಮೇಲೆ ನೀವೂ ನಾನೂ ಕುಲುಮೆ ಊದುತ್ತ ಕೂರಬೇಕು, ಮಿಸ್ಟರ್ ವೈಗೆಲ್. ನೀವೇ ಅವನ ಮನೆಗೆ ಹೋಗಿ ಬನ್ನಿ."

ಸಂಜೆ ಜೀಪು ಹೊಸಕೆರೆಹಳ್ಳಿಯ ಮಣ್ಣಿನ ದಾರಿಯಲ್ಲಿ ಕುಲುಕುತ್ತ ಹೋಗುವಾಗ ವೈಗೆಲ್ ಪಕ್ಕದಲ್ಲಿದ್ದ ಅನಂತರಾಮುವನ್ನು ಕೇಳಿದ, "ಹುಡುಗ ಹೇಳಿದ್ದು ಸುಳ್ಳೇ?"

"ಇಲ್ಲ ಸರ್. ನಿಜ."

"ನಮ್ಮೂರಲ್ಲಿ ನನ್ನ ಗುರು ತಪ್ಪು ಮಾಡುವಾಗ ನಾನು ಸುಮ್ಮನಿದ್ದರೆ ಅದೇ ಅವನಿಗೆ ಮಾಡುವ ಅವಮಾನ."

"ಇಲ್ಲಿ ಅವನ ಕಡೆಯವರ ಮುಂದೆ ಹೇಳಿದರೆ ಅವಮಾನ ಸರ್. ಪಕ್ಕಕ್ಕೆ ಕರೆದು ಹೇಳಬಹುದು. ಇಲ್ಲವೇ ನನ್ನಂಥವರ ಮೂಲಕ ಹೇಳಿಸಬಹುದು."

"ನಿನ್ನ ಮೂಲಕ ಹೇಳಿಸಿದರೆ ಅದು ಅಲ್ಲಿಗೆ ತಲುಪುವುದೇ ಇಲ್ಲ, ಅನಂತರಾಮು."

ಅನಂತರಾಮು ಕೆರೆಯ ಕಡೆ ನೋಡತೊಡಗಿದ. ಏರಿಯ ಮೇಲೆ ಎಮ್ಮೆಗಳು ಊರಿಗೆ ಮರಳುತ್ತಿದ್ದವು. "ಈ ಹೊತ್ತು ತಲುಪಿಸುತ್ತೇನೆ ಸರ್," ಅಂದ.

ಬೈರಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಜ್ವರದ ಸುಳಿವೇನೂ ಇರಲಿಲ್ಲ. ಎದ್ದು ಚಾಪೆ ಹಾಸಿದ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಎರಡು ಲೋಟ ಕಾಫಿ ತಂದಿಟ್ಟು, ಬಾಗಿಲ ಮರೆಯಲ್ಲಿ ನಿಂತಳು.

"ಮನೇವರೆಗೂ ಬಂದ್ಬಿಟ್ರಾ ಸಾಹೇಬ್ರು," ಎಂದ ಬೈರಣ್ಣ. "ಜೀಪು ಕೆಟ್ಟೋಗ್ಲಿಲ್ವಾ ಈ ರಸ್ತೇಲಿ?"

"ನನ್ನ ಸೊಂಟ ಕೆಟ್ಟಿದೆ," ಎಂದ ವೈಗೆಲ್. ಅನಂತರಾಮು ಅದನ್ನು ಹಾಗೇ ಹೇಳಿದ. ಬಾಗಿಲ ಮರೆಯಲ್ಲಿ ಕಿಸಕ್ಕೆಂದು ನಗು ಕೇಳಿಸಿತು.

ಕಾಫಿ ಮುಗಿಯುವವರೆಗೆ ಮಳೆಯ ಮಾತು, ರಾಗಿಯ ಮಾತು. ವೈಗೆಲ್ ಕಾದ. ಇಲ್ಲಿ ಕಾಯಬೇಕೆಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ಕೊನೆಗೆ ಲೋಟ ಕೆಳಗಿಟ್ಟ.

"ಎಲ್ಲರ ಮುಂದೆ ನಿನ್ನ ಮರ್ಯಾದೆ ಕಳೆದವನು ಆ ಹುಡುಗನಲ್ಲ, ನಾನು. ಅದನ್ನು ಎಲ್ಲರ ಮುಂದೆಯೇ ಹೇಳುತ್ತೇನೆ."

ಅನಂತರಾಮು ಒಂದು ಪದವನ್ನೂ ಬಿಡದೆ ಹೇಳಿದ. ಬೈರಣ್ಣ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಸೋಮವಾರ ನಂಗೆ ತಿಳೀಲಿಲ್ಲ, ನಿಜ. ನನ್ನ ಅಳಿಯ ಎದುರ್ಗೆ ನಿಂತವ್ನೆ, ತಿಳೀಲಿಲ್ಲ ಅಂತ ಹೆಂಗನ್ನಾದು? ಆ ಹುಡುಗ ನನ್ನ ಮಗ್ಗುಲಲ್ಲೇ ಇದ್ದ. ಕಿವೀ ಹತ್ರ ಬಂದು, ಅಣ್ಣಾ, ಇದು ಎಣ್ಣೇಗೆ ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು. ಅಂಗೇ ತೊಟ್ಟಿ ಬದ್ಲಾಯಿಸ್ತಿದ್ದೆ."

"ಅವನು ಹೆದರಿದ," ಎಂದ ವೈಗೆಲ್.

"ಯಾಕೆ, ನಾನೇನು ಹುಲೀನಾ?"

"ಹೌದು," ಎಂದು ಮುನಿಲಕ್ಷ್ಮಮ್ಮ ಒಳಗಿನಿಂದಲೇ ಅಂದಳು.

ಬೈರಣ್ಣ ಅತ್ತ ತಿರುಗಲಿಲ್ಲ. ಆದರೆ ಮೀಸೆ ಸ್ವಲ್ಪ ಅಲುಗಿತು.

ಇದೇ ಹೊತ್ತೆಂದು ವೈಗೆಲ್‌ಗೆ ಅನ್ನಿಸಿತು. ಎರಡು ದಿನ ಯೋಚಿಸಿ, ಈ ಊರಿನ ರೀತಿಯನ್ನು ಹಿಡಿದುಬಿಟ್ಟೆ ಎಂಬ ಧೈರ್ಯದಿಂದ ತಂದಿದ್ದ ಮಾತು ಅವನ ಬಳಿ ಇತ್ತು. ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದ:

"ನೀನು ನಾಳೆ ಬಾ. ಕಿಟ್ಟಿಯನ್ನು ಆಫೀಸಿಗೆ ಹಾಕುತ್ತೇನೆ. ಅವನು ಕುಲುಮೆಯ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ನಿನ್ನ ಮಾತೇ ಕೊನೆ. ಯಾರೂ ನಿನಗೆ ಎದುರಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ."

ಅನಂತರಾಮು ಇದನ್ನೂ ಪೂರ್ತಿ ಹೇಳಿದ. ಹೇಳುವಾಗ ಅವನ ದನಿ ಇಳಿಯಿತು.

ಬೈರಣ್ಣ ಹಗ್ಗವನ್ನು ಪಕ್ಕಕ್ಕಿಟ್ಟ. ಮೊದಲ ಸಲ ವೈಗೆಲ್ ಮುಖವನ್ನು ನೇರವಾಗಿ ನೋಡಿದ.

"ಬ್ಯಾಡ. ದಿಟ ಹೇಳ್ದವನ್ನ ಓಡಿಸಿ ನನ್ನ ಕೂರಿಸ್ತೀರಾ? ಆ ಹುಡುಗ ಅಲ್ಲಿಲ್ದಿದ್ರೆ ನಾನು ಆ ಕುಲುಮೆ ಹತ್ರ ಬರಾಕಿಲ್ಲ."